ಕಾರ್ಖಾನೆಯ ಅನುಪಾಲನಾ ವರದಿ ಕನ್ನಡಕ್ಕೆ ಬರುವಾಗ ಎಲ್ಲಿ ಎಡವುತ್ತದೆ?

ಪ್ರಶ್ನೆ: ಮಂಡ್ಯ ಜಿಲ್ಲೆಯ ನಮ್ಮೂರಿನ ಪಕ್ಕದ ಸಕ್ಕರೆ ಕಾರ್ಖಾನೆಯ ವಿಸ್ತರಣೆಗೆ ಸಾರ್ವಜನಿಕ ಆಲಿಕೆ ಸಭೆ ಇದೆ. ತ್ಯಾಜ್ಯನೀರು ಮತ್ತು ಚಿಮಣಿ ಹೊಗೆಯ ಮಿತಿ ಪಾಲನೆಯ ಇಂಗ್ಲಿಷ್ ವರದಿಯನ್ನು ಕನ್ನಡ ಮಾಡಿಕೊಡಿ ಎಂದು ಸಲಹಾ ಸಂಸ್ಥೆಯವರು ಕೇಳಿದ್ದಾರೆ. ಕಥೆ, ಲೇಖನ ಅನುವಾದಿಸಿ ಅಭ್ಯಾಸವಿದೆ, ಇಂಥ ಕೋಷ್ಟಕಗಳು ಹೊಸದು. ಪದ ಸಿಕ್ಕರೂ ಅರ್ಥ ಕೆಟ್ಟೀತೆಂಬ ಭಯ. ಎಲ್ಲೆಲ್ಲಿ ಎಚ್ಚರ ಬೇಕು ಸರ್?

ಉತ್ತರ: ಮೊದಲ ಸಾಲು ಬರೆಯುವ ಮುಂಚೆ ಸಲಹಾ ಸಂಸ್ಥೆಯಿಂದ ಮೂರು ಕಾಗದ ಕೇಳಿ ತರಿಸಿಕೊಳ್ಳಿ. ಒಂದು, ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಈ ಕಾರ್ಖಾನೆಗೆ ಕೊಟ್ಟಿರುವ ಚಾಲ್ತಿ ಸಮ್ಮತಿ ಪತ್ರ. ಎರಡು, ಹಿಂದೆ ಸಿಕ್ಕಿರುವ ಪರಿಸರ ಅನುಮೋದನೆಯ ಷರತ್ತುಗಳು. ಮೂರು, ವರದಿಯಲ್ಲಿರುವ ಅಂಕಿಗಳಿಗೆ ಮೂಲವಾದ ಪ್ರಯೋಗಾಲಯದ ಪರೀಕ್ಷಾ ವರದಿಗಳು. ನಿಮ್ಮ ಕೈಗೆ ಬಂದಿರುವುದು ಈ ಮೂರನ್ನೂ ಒಟ್ಟುಗೂಡಿಸಿ ಯಾರೋ ಬೆರಳಚ್ಚು ಮಾಡಿದ ಸಾರ. ಒಂದು ಕೋಷ್ಟಕದಿಂದ ಇನ್ನೊಂದಕ್ಕೆ ಹೋಗುವಾಗಲೇ ಶೀರ್ಷಿಕೆ, ಏಕಮಾನ, ಅಡಿಟಿಪ್ಪಣಿ ಉದುರಿಹೋಗಿರುತ್ತವೆ. ಮೂಲ ಕಾಗದ ಮುಂದಿಲ್ಲದಿದ್ದರೆ ಉದುರಿದ್ದು ನಿಮಗೆ ಕಾಣುವುದೇ ಇಲ್ಲ. ಇದ್ದಷ್ಟನ್ನೇ ನಿಷ್ಠೆಯಿಂದ ಅನುವಾದಿಸಿ ತಪ್ಪನ್ನು ಕನ್ನಡಕ್ಕೂ ತಂದಿರುತ್ತೀರಿ.

ವರದಿ ಯಾರ ಮಾತು ಎಂಬುದನ್ನೂ ಆಗಲೇ ನೋಡಿಕೊಳ್ಳಿ. ಕಾರ್ಖಾನೆ ತಾನೇ ಬರೆದು ವರ್ಷಕ್ಕೆರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ, ಸಲ್ಲಿಸುವ ಅರ್ಧವಾರ್ಷಿಕ ಅನುಪಾಲನಾ ವರದಿ ಒಂದು ಬಗೆ. ವಿಸ್ತರಣೆಗೆ ಅರ್ಜಿ ಹಾಕುವಾಗ ಕೇಂದ್ರ ಪರಿಸರ ಸಚಿವಾಲಯದ ಪ್ರಾದೇಶಿಕ ಕಚೇರಿಯವರು ಸ್ಥಳ ನೋಡಿ ದೃಢೀಕರಿಸಿಕೊಡುವುದು ಇನ್ನೊಂದು ಬಗೆ. ಕನ್ನಡದಲ್ಲಿ ಎರಡಕ್ಕೂ ‘ಅನುಪಾಲನಾ ವರದಿ’ ಎಂದಷ್ಟೇ ಹೆಸರು ಕೊಟ್ಟರೆ ಕಾರ್ಖಾನೆಯ ಸ್ವಂತ ಹೇಳಿಕೆಗೆ ಸರ್ಕಾರದ ಮುದ್ರೆ ಬಿದ್ದ ಹಾಗಾಗುತ್ತದೆ. ಮೊದಲ ಪುಟದಲ್ಲೇ ‘ಕಾರ್ಖಾನೆ ಸಲ್ಲಿಸಿದ್ದು’ ಅಥವಾ ‘ಪ್ರಾದೇಶಿಕ ಕಚೇರಿ ಪರಿಶೀಲಿಸಿ ನೀಡಿದ್ದು’ ಎಂದು ಬರೆಯಿರಿ.

ಇನ್ನು ಸಮಯದ ಲೆಕ್ಕ. 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪ್ರಕಾರ ಆಲಿಕೆಗೆ ಕನಿಷ್ಠ 30 ದಿನ ಮೊದಲು ಪತ್ರಿಕಾ ಪ್ರಕಟಣೆ ಆಗಬೇಕು. ಪರಿಸರ ಪರಿಣಾಮ ಅಂದಾಜು ವರದಿಯ ಸಾರಾಂಶ ಇಂಗ್ಲಿಷಿನಲ್ಲೂ ಸ್ಥಳೀಯ ಭಾಷೆಯಲ್ಲೂ ಇರಬೇಕು. ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರದಂಥ ಕಡೆ ಅದು ಜನರಿಗೆ ನೋಡಲು ಸಿಗಬೇಕು. ಕನ್ನಡದಲ್ಲಿ ಕಡ್ಡಾಯವಾಗಿರುವುದು ಸಾರಾಂಶ ಮಾತ್ರ. ಹಾಗಾಗಿ ಸಾರಾಂಶ ಕನ್ನಡಕ್ಕೆ ಬರುತ್ತದೆ, ಅಂಕಿಗಳಿರುವ ಅನುಬಂಧ ಇಂಗ್ಲಿಷಿನಲ್ಲೇ ಉಳಿಯುತ್ತದೆ. ನಿಮಗೆ ಅನುಬಂಧವನ್ನೇ ಕೊಟ್ಟಿರುವುದು ಒಳ್ಳೆಯದೇ. ಆದರೆ ಅದು ಸಭೆಯ ದಿನ ಹಂಚುವ ಕಾಗದವಾಗಬಾರದು, ಸಾರಾಂಶದ ಜೊತೆಗೇ ಕಚೇರಿಗಳಲ್ಲಿ ಇರಬೇಕು ಎಂದು ಈಗಲೇ ಹೇಳಿಬಿಡಿ.

ಈಗ ತ್ಯಾಜ್ಯನೀರಿನ ಕೋಷ್ಟಕ. ಒಂದೇ ಸಾಲನ್ನು ಪೂರ್ತಿ ಬಿಡಿಸಿ ನೋಡೋಣ, ಉಳಿದ ಸಾಲುಗಳೂ ಅದೇ ದಾರಿ. ಇಂಗ್ಲಿಷಿನಲ್ಲಿ ಸಾಲು ಹೀಗಿದೆ ಎಂದುಕೊಳ್ಳಿ: ಬಿಒಡಿ, ಮಿತಿ 100, ಫಲಿತಾಂಶ 42, ‘ಪಾಲಿಸಲಾಗಿದೆ’. ಬಿಒಡಿ ಎಂದರೆ ನೀರಿನಲ್ಲಿರುವ ಕೊಳೆಯುವ ವಸ್ತುವಿನ ಒಂದು ಅಳತೆ, ವಿವರ ಮುಂದೆ ಬರುತ್ತದೆ. ನಾಲ್ಕು ಮನೆ, ನಾಲ್ಕು ಪದ. ಐದು ನಿಮಿಷದ ಕೆಲಸ ಅನ್ನಿಸುತ್ತದೆ. ಆದರೆ ಸಕ್ಕರೆ ಕಾರ್ಖಾನೆಗಳಿಗೆ 2016ರ ಜನವರಿಯಲ್ಲಿ ಕೇಂದ್ರ ಪ್ರಕಟಿಸಿದ ಮಾನದಂಡದಲ್ಲಿ ಬಿಒಡಿಗೆ ಎರಡು ಮಿತಿಗಳಿವೆ. ಶುದ್ಧೀಕರಿಸಿದ ನೀರನ್ನು ಭೂಮಿಗೆ ಹರಿಸಿದರೆ ಲೀಟರಿಗೆ 100 ಮಿಲಿಗ್ರಾಂ. ಹೊಳೆ, ಕೆರೆ, ಹಳ್ಳದಂಥ ಮೇಲ್ಮೈ ನೀರಿಗೆ ಬಿಟ್ಟರೆ 30 ಮಿಲಿಗ್ರಾಂ. ತೇಲಾಡುವ ಘನವಸ್ತುವಿಗೂ ಇದೇ ಜೋಡಿ: ಭೂಮಿಗೆ 100, ಮೇಲ್ಮೈ ನೀರಿಗೆ 30. ಹಾಗಾದರೆ 42 ಎಂಬ ಅಂಕಿ ಗದ್ದೆಗೆ ಹರಿಸುವಾಗ ಪಾಸು, ಹಳ್ಳಕ್ಕೆ ಬಿಡುವಾಗ ಫೇಲು. ಇಂಗ್ಲಿಷ್ ಕೋಷ್ಟಕದಲ್ಲಿ ‘ಭೂಮಿಗೆ ಬಿಡಲು’ ಎಂಬ ಮಾತು ಮೇಲಿನ ಶೀರ್ಷಿಕೆಯಲ್ಲಿ ಒಂದು ಸಲ ಇರುತ್ತದೆ, ಅಥವಾ ಹಿಂದಿನ ಪುಟದಲ್ಲಿರುತ್ತದೆ. ನಾಲೆ ಬಯಲಿನ ಊರಲ್ಲಿ ಎದ್ದು ನಿಲ್ಲುವ ಮೊದಲ ರೈತ ಕೇಳುವುದೇ ‘ಈ ನೀರು ಎಲ್ಲಿಗೆ ಬಿಡ್ತೀರಿ?’ ಎಂದು. ಆ ಉತ್ತರ ಕನ್ನಡದ ಪ್ರತಿ ಸಾಲಿನಲ್ಲೂ ಇರಲಿ. ಪುನರುಕ್ತಿಯಾದರೂ ಆಗಲಿ.

ಮಿತಿಯ ಮನೆಯಲ್ಲಿ ಏನೇ ಇದ್ದರೂ ಸಮ್ಮತಿ ಪತ್ರದ ಅಂಕಿಯೊಂದಿಗೆ ತಾಳೆ ನೋಡಿ. ಮಂಡಳಿ ಒಂದು ಕಾರ್ಖಾನೆಗೆ ಸಾಮಾನ್ಯ ಮಾನದಂಡಕ್ಕಿಂತ ಬಿಗಿಯಾದ ಮಿತಿ ಹಾಕಬಹುದು. ಆಗ ಆ ಕಾರ್ಖಾನೆಗೆ ಲೆಕ್ಕಕ್ಕೆ ಬರುವುದು ಬಿಗಿಯಾದದ್ದೇ. ವರದಿ ಮಾತ್ರ ಸಡಿಲವಾದದ್ದನ್ನು ತೋರಿಸಿ ‘ಪಾಲಿಸಲಾಗಿದೆ’ ಎಂದಿರುವ ಸಾಧ್ಯತೆ ಇದ್ದೇ ಇದೆ.

ಬಿಒಡಿ ಎಂಬುದನ್ನು ‘ಜೈವಿಕ ಆಮ್ಲಜನಕ ಬೇಡಿಕೆ’ ಎಂದು ಒಂದು ಸಲ ಬರೆದು, ಅಲ್ಲೇ ಒಂದು ವಾಕ್ಯದ ವಿವರಣೆ ಕೊಟ್ಟು, ಆಮೇಲೆ ಬಿಒಡಿ ಎಂದೇ ಮುಂದುವರಿಸಿ. ವಿವರಣೆ ಹೀಗಿದ್ದರೆ ಸಾಕು: ‘ನೀರಿನಲ್ಲಿರುವ ಕೊಳೆಯುವ ವಸ್ತುವನ್ನು ಸೂಕ್ಷ್ಮಜೀವಿಗಳು ತಿಂದು ಕರಗಿಸುವಾಗ ಆ ನೀರಿನಿಂದ ಎಷ್ಟು ಆಮ್ಲಜನಕ ಖರ್ಚಾಗುತ್ತದೆ ಎಂಬ ಅಳತೆ, ಇದು ಹೆಚ್ಚಿದ್ದಷ್ಟೂ ನೀರು ಬೇಗ ನಾರುತ್ತದೆ, ಮೀನು ಸಾಯುತ್ತದೆ.’ ಜೊತೆಗೆ ಪರೀಕ್ಷೆಯ ಷರತ್ತನ್ನು ಬಿಡಬೇಡಿ. ನಮ್ಮಲ್ಲಿ ಈ ಪರೀಕ್ಷೆ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ದಿನ ನಡೆಯುತ್ತದೆ. ಹಳೆಯ ವರದಿಗಳಲ್ಲಿ 20 ಡಿಗ್ರಿಯಲ್ಲಿ 5 ದಿನ ಎಂದಿರುತ್ತದೆ. ಎರಡು ವರ್ಷದ ಅಂಕಿ ಪಕ್ಕಪಕ್ಕ ಇಟ್ಟಾಗ ಇವು ಬೇರೆ ಅಳತೆ ಎಂಬುದು ಓದುಗರಿಗೆ ತಿಳಿಯಬೇಕು.

ಕರಗಿದ ಘನವಸ್ತು ಮತ್ತು ತೇಲಾಡುವ ಘನವಸ್ತು, ಇವೆರಡೂ ಕನ್ನಡದಲ್ಲಿ ಬಹಳ ಸುಲಭವಾಗಿ ಅದಲುಬದಲಾಗುತ್ತವೆ. ತೇಲಾಡುವುದು ಬಟ್ಟೆಯಲ್ಲಿ ಸೋಸಿದರೆ ಉಳಿಯುವಂಥದ್ದು, ಭೂಮಿಗೆ ಬಿಡುವಾಗ ಮಿತಿ 100. ಕರಗಿದ್ದು ಉಪ್ಪಿನಂಥದ್ದು, ಸೋಸಿದರೆ ಹೋಗುವುದಿಲ್ಲ, ಮಿತಿ 2,100. ಪಕ್ಕದ ತೋಟದ ಬೋರ್‌ವೆಲ್ ನೀರು ಸಪ್ಪೆಯೋ ಸವಳೋ ಎಂಬ ಮಾತಿಗೆ ಸಂಬಂಧಪಡುವುದು ಎರಡನೆಯದು. ಮಾಮೂಲಿ ಶುದ್ಧೀಕರಣ ಘಟಕದಲ್ಲಿ ಅದು ಹೆಚ್ಚೇನೂ ಇಳಿಯುವುದೂ ಇಲ್ಲ. ಸಭೆಯಲ್ಲಿ ಪ್ರಶ್ನೆ ಏಳುವುದು ಇಲ್ಲೇ. ಆದ್ದರಿಂದ ‘ಒಟ್ಟು ಘನವಸ್ತು’ ಎಂದು ಎರಡನ್ನೂ ಒಂದು ಮಾಡಿ ಬರೆಯಬೇಡಿ.

ಪಿಎಚ್ ಒಂದೇ ಅಂಕಿಯಲ್ಲ, ಒಂದು ವ್ಯಾಪ್ತಿ: 5.5ರಿಂದ 8.5. ಇದನ್ನು ‘8.5 ಮೀರಬಾರದು’ ಎಂದು ಮೊಟಕು ಮಾಡಿದರೆ ಹುಳಿ ನೀರಿಗೆ ಬಾಗಿಲು ತೆರೆದಂತೆ. ‘5.5ಕ್ಕಿಂತ ಕೆಳಗೂ ಇಳಿಯಬಾರದು, 8.5ಕ್ಕಿಂತ ಮೇಲೂ ಏರಬಾರದು’ ಎನ್ನಿ. ಪಿಎಚ್‌ಗೆ ಏಕಮಾನ ಇಲ್ಲ. ಕೋಷ್ಟಕ ತುಂಬುವವರು ಅಭ್ಯಾಸಬಲದಿಂದ ಅಲ್ಲೂ ‘ಮಿ.ಗ್ರಾಂ/ಲೀ’ ಹಾಕಿರುತ್ತಾರೆ.

ಕೆಲವು ಮನೆಗಳಲ್ಲಿ ಅಂಕಿಯ ಬದಲು BDL ಎಂದಿರುತ್ತದೆ. ಉಪಕರಣ ಹಿಡಿಯಬಲ್ಲ ಕನಿಷ್ಠ ಮಟ್ಟಕ್ಕಿಂತ ಕಡಿಮೆ ಎಂದು ಅದರ ಅರ್ಥ. ಇದಕ್ಕೆ ‘ಇಲ್ಲ’, ‘ಸೊನ್ನೆ’, ‘ಪತ್ತೆಯಾಗಿಲ್ಲ’ ಎಂದೆಲ್ಲ ಬರೆದಿರುವುದುಂಟು. ಮೊದಲೆರಡು ತಪ್ಪು, ಮೂರನೆಯದು ಅರೆಬರೆ. ಆ ಕನಿಷ್ಠ ಮಟ್ಟ ಎಷ್ಟು ಎಂಬುದು ಪ್ರಯೋಗಾಲಯದ ವರದಿಯಲ್ಲಿರುತ್ತದೆ. ಎಣ್ಣೆ ಮತ್ತು ಜಿಡ್ಡಿಗೆ ಅದು 4 ಎಂದಿದ್ದರೆ ‘ಲೀಟರಿಗೆ 4 ಮಿಲಿಗ್ರಾಂಗಿಂತ ಕಡಿಮೆ (ಮಿತಿ 10)’ ಎಂದು ಬರೆಯಿರಿ. ಆಗ ವಾಕ್ಯ ತಾನೇ ತಾನಾಗಿ ಪೂರ್ಣವಾಗುತ್ತದೆ. ಕನಿಷ್ಠ ಮಟ್ಟವೇ ಮಿತಿಗಿಂತ ಮೇಲಿದ್ದರೆ ಆ ಪರೀಕ್ಷೆಯಿಂದ ಏನೂ ತಿಳಿದಂತಾಗಲಿಲ್ಲ. ಅದನ್ನು ಸಂಸ್ಥೆಯವರ ಗಮನಕ್ಕೆ ತರಲೇಬೇಕು.

ನೀರಿನ ಪ್ರಮಾಣದ ಸಾಲು ಒಂದಿರುತ್ತದೆ, ಅದನ್ನು ಬರೀ ಅನುವಾದಿಸಿದರೆ ಯಾರಿಗೂ ಏನೂ ಅರ್ಥವಾಗದು. ನುರಿಸಿದ ಪ್ರತಿ ಟನ್ ಕಬ್ಬಿಗೆ ಹೊರಬಿಡುವ ನೀರು ಒಟ್ಟು 200 ಲೀಟರ್ ಮೀರಬಾರದು ಎಂಬುದು ಮಿತಿ: ಶುದ್ಧೀಕರಿಸಿದ ನೀರು 100, ತಣಿಸುವ ಕೊಳ ಅಥವಾ ಗೋಪುರದಿಂದ ಬರುವುದು 100. ದಿನಕ್ಕೆ 2,500 ಟನ್ ನುರಿಸುವ ಕಾರ್ಖಾನೆ ಎಂದರೆ 5 ಲಕ್ಷ ಲೀಟರ್, ಅಂದರೆ 500 ಘನ ಮೀಟರ್. ಇಷ್ಟನ್ನೂ ಹೊಲಕ್ಕೇ ಹರಿಸುತ್ತೇವೆ ಎಂದಾದರೆ ಮಣ್ಣಿಗೆ ತಕ್ಕಂತೆ ಎಷ್ಟು ಹರಿಸಬಹುದೆಂಬ ಮಿತಿಯೂ ಅದೇ ಅಧಿಸೂಚನೆಯಲ್ಲಿದೆ. ಜೇಡಿಮಿಶ್ರಿತ ಗೋಡು ಮಣ್ಣಿಗೆ ದಿನಕ್ಕೆ ಹೆಕ್ಟೇರಿಗೆ 55ರಿಂದ 110 ಘನ ಮೀಟರ್. ಭಾಗಿಸಿ ನೋಡಿದರೆ ಸುಮಾರು 11ರಿಂದ 22 ಎಕರೆ ಬೇಕು. ಈ ಲೆಕ್ಕವನ್ನು ನೀವು ವರದಿಗೆ ಸೇರಿಸುವಂತಿಲ್ಲ. ಆದರೆ ವರದಿಯಲ್ಲಿ ಜಮೀನಿನ ವಿಸ್ತೀರ್ಣ ಹೆಕ್ಟೇರಿನಲ್ಲಿ ಕೊಟ್ಟಿದ್ದರೆ ಪಕ್ಕದಲ್ಲಿ ಎಕರೆ ಬರೆಯಬಹುದು, ಘನ ಮೀಟರ್ ಪಕ್ಕದಲ್ಲಿ ಲೀಟರ್ ಬರೆಯಬಹುದು. ಎಕರೆಯಲ್ಲಿ ಯೋಚಿಸುವ ಜನಕ್ಕೆ ಹೆಕ್ಟೇರ್ ಮಾತ್ರ ಕೊಡುವುದು ನನ್ನ ಮಟ್ಟಿಗೆ ಅರ್ಧ ಅನುವಾದ. ಮಣ್ಣಿನ ಹೆಸರಲ್ಲೂ ಜಾಗ್ರತೆ ಇರಲಿ: ಗೋಡು ಮಣ್ಣು, ಮರಳುಮಿಶ್ರಿತ ಗೋಡು, ಜೇಡಿ, ಇವೆಲ್ಲಕ್ಕೂ ಬೇರೆ ಬೇರೆ ಅಂಕಿ ಇದೆ. ಎಲ್ಲವನ್ನೂ ‘ಕೆಂಪು ಮಣ್ಣು’ ಎಂದು ಬರೆದರೆ ಷರತ್ತೇ ಮಾಯವಾಗುತ್ತದೆ.

ಚಿಮಣಿಯ ಭಾಗ ಇದಕ್ಕಿಂತ ಕಷ್ಟ, ಅದಕ್ಕೆ ಹೆಚ್ಚು ಹೊತ್ತು ಇಟ್ಟುಕೊಳ್ಳಿ. ಸಕ್ಕರೆ ಕಾರ್ಖಾನೆಯ ಚಿಮಣಿಯಿಂದ ಬರುವ ಧೂಳುಕಣಕ್ಕೆ 2016ರ ಮಾನದಂಡದ ಮಿತಿ 150 mg/Nm3. ಆ N ಅಕ್ಷರವನ್ನು ‘ಎನ್’ ಎಂದು ಬಿಟ್ಟರೂ ತಪ್ಪು, ತೆಗೆದುಹಾಕಿ ‘ಘನ ಮೀಟರಿಗೆ 150 ಮಿಲಿಗ್ರಾಂ’ ಎಂದರೂ ತಪ್ಪು. ಚಿಮಣಿಯೊಳಗೆ ಹೊಗೆ ಬಿಸಿಯಾಗಿ ಹಿಗ್ಗಿರುತ್ತದೆ, ಬಾಯ್ಲರಿಗೆ ಉರುವಲಾಗುವ ಕಬ್ಬಿನ ಸಿಪ್ಪೆ, ಅಂದರೆ ಬಗಾಸು, ಒದ್ದೆಯಾದ್ದರಿಂದ ಹೊಗೆಯಲ್ಲಿ ಹಬೆಯೂ ತುಂಬ ಇರುತ್ತದೆ. ಅದನ್ನು 25 ಡಿಗ್ರಿಗೆ ತಣಿಸಿ, ಸಾಮಾನ್ಯ ವಾತಾವರಣದ ಒತ್ತಡಕ್ಕೆ ತಂದು, ಹಬೆ ಕಳೆದರೆ ಎಷ್ಟಾಗುತ್ತದೋ ಅದು ನಮ್ಮಲ್ಲಿ ‘ಸಾಮಾನ್ಯ ಘನ ಮೀಟರ್’. ಬೇರೆ ಕೆಲವು ದೇಶಗಳಲ್ಲಿ, ಯಂತ್ರ ತಯಾರಕರ ಕ್ಯಾಟಲಾಗ್‌ಗಳಲ್ಲಿ, ಇದೇ ಅಕ್ಷರಕ್ಕೆ 0 ಡಿಗ್ರಿ ಎಂದರ್ಥ. ಹೊಸ ಬಾಯ್ಲರ್ ಕಂಪನಿಯವರು ಕೊಟ್ಟ ಖಾತರಿ ಅಂಕಿ ವರದಿಯಲ್ಲಿದ್ದರೆ ಯಾವ ಡಿಗ್ರಿಯ ಲೆಕ್ಕ ಎಂದು ಕೇಳಿ ಬರೆಯಿರಿ; ಶೇಕಡಾ 9ರಷ್ಟು ವ್ಯತ್ಯಾಸ ಅಲ್ಲೇ ಬರುತ್ತದೆ.

ಇದು ಕೂದಲು ಸೀಳುವ ಮಾತಲ್ಲ ಎನ್ನಲು ಒಂದು ಲೆಕ್ಕ. ಚಿಮಣಿಯೊಳಗಿನ ಸ್ಥಿತಿಯಲ್ಲೇ ಪ್ರತಿ ಘನ ಮೀಟರಿಗೆ 90 ಮಿಲಿಗ್ರಾಂ ಧೂಳಿದೆ, ಹೊಗೆಯ ಉಷ್ಣಾಂಶ 150 ಡಿಗ್ರಿ, ಹಬೆ ಶೇಕಡಾ 20 ಎಂದಿಟ್ಟುಕೊಳ್ಳಿ. ತಣಿಸಿದಾಗ ಅನಿಲ ಕುಗ್ಗುತ್ತದೆ, ಧೂಳು ಅಷ್ಟೇ ಇರುತ್ತದೆ. ಹಾಗಾಗಿ ಅಂಕಿ ಏರುತ್ತದೆ:

```
90 × (273+150)/(273+25) = 128
128 / (1 − 0.20)        = 160
```

90 ಎಂದಿದ್ದದ್ದು 160 ಆಯಿತು. ಅದೇ ಹೊಗೆ, ಅದೇ ಧೂಳು. ಒಂದು ಲೆಕ್ಕದಲ್ಲಿ ಮಿತಿಗಿಂತ ಎಷ್ಟೋ ಕೆಳಗೆ, ಇನ್ನೊಂದರಲ್ಲಿ ಮಿತಿ ಮೀರಿದೆ. ಮಿತಿಯನ್ನು ಸಾಮಾನ್ಯ ಘನ ಮೀಟರಿನಲ್ಲೂ ಫಲಿತಾಂಶವನ್ನು ಬರೀ ಘನ ಮೀಟರಿನಲ್ಲೂ ಕೊಟ್ಟಿರುವ ಕೋಷ್ಟಕ ಸಿಕ್ಕರೆ ಅಲ್ಲಿ ನಿಲ್ಲಿ. ಅಕ್ಷರ ಬಿಟ್ಟುಹೋಗಿದೆಯೋ, ಲೆಕ್ಕವೇ ಬಿಟ್ಟುಹೋಗಿದೆಯೋ ಎಂಬುದು ಪ್ರಯೋಗಾಲಯದ ಹಾಳೆಯಿಂದ ಮಾತ್ರ ಗೊತ್ತಾಗುತ್ತದೆ.

ಇನ್ನೊಂದು ಬಾಲವೂ ಇರಬಹುದು: ‘ಶೇಕಡಾ 12 ಇಂಗಾಲದ ಡೈಆಕ್ಸೈಡ್‌ಗೆ ಸರಿಹೊಂದಿಸಿದಂತೆ’ ಎಂಬ ಷರತ್ತು. ಬಾಯ್ಲರಿಗೆ ಬೇಕಾದ್ದಕ್ಕಿಂತ ಹೆಚ್ಚು ಗಾಳಿ ಊದಿದರೆ ಹೊಗೆ ತೆಳುವಾಗಿ ಧೂಳಿನ ಅಂಕಿ ಕಡಿಮೆ ಕಾಣುತ್ತದೆ, ಹೊರಬೀಳುವ ಧೂಳು ಮಾತ್ರ ಕಡಿಮೆಯಾಗಿರುವುದಿಲ್ಲ. ಅದನ್ನು ತಡೆಯಲೆಂದೇ ಈ ಷರತ್ತು. ಅಳತೆಯಲ್ಲಿ ಶೇಕಡಾ 8 ಸಿಕ್ಕಿದ್ದರೆ ಫಲಿತಾಂಶವನ್ನು 12/8ರಿಂದ ಗುಣಿಸಬೇಕು. ಸಮ್ಮತಿ ಪತ್ರದಲ್ಲಿ ಈ ಮಾತಿದ್ದು ವರದಿಯಲ್ಲಿ ಇಲ್ಲದಿದ್ದರೆ ಮತ್ತೆ ಅದೇ ಪ್ರಶ್ನೆ.

ಚಿಮಣಿಯ ಅಂಕಿಯನ್ನೂ ಊರಿನ ಗಾಳಿಯ ಅಂಕಿಯನ್ನೂ ಒಂದೇ ಪುಟದಲ್ಲಿ ಕೊಟ್ಟಿರುತ್ತಾರೆ. ಊರಿನ ಗಾಳಿಯಲ್ಲಿ 10 ಮೈಕ್ರಾನ್‌ವರೆಗಿನ ಧೂಳುಕಣಕ್ಕೆ 24 ಗಂಟೆಯ ಸರಾಸರಿ ಮಿತಿ ಘನ ಮೀಟರಿಗೆ 100 ಮೈಕ್ರೋಗ್ರಾಂ. ಚಿಮಣಿಯದು 150 ಮಿಲಿಗ್ರಾಂ. ಒಂದು ಮಿಲಿಗ್ರಾಂ ಎಂದರೆ ಸಾವಿರ ಮೈಕ್ರೋಗ್ರಾಂ. ಎರಡನ್ನೂ ‘ಮಿ.ಗ್ರಾಂ’ ಎಂದು ಬರೆದುಬಿಟ್ಟರೆ ‘ಚಿಮಣಿ ಬಾಯಲ್ಲೇ 150, ನಮ್ಮೂರಲ್ಲಿ 100, ಅಷ್ಟೇನಾ ವ್ಯತ್ಯಾಸ?’ ಎಂದು ಜನ ಗಾಬರಿಯಾಗುವುದು ಸಹಜ. ಈ ತಪ್ಪಿಗೆ ಅನುವಾದಕನಷ್ಟೇ ಕಾರಣ ಫಾಂಟ್. ಹಳೆಯ ಕಡತಗಳಲ್ಲಿ µ ಚಿಹ್ನೆಯನ್ನು Symbol ಫಾಂಟಿನ m ಅಕ್ಷರದಿಂದ ಮೂಡಿಸಿರುತ್ತಾರೆ. ನೀವು ಪೂರ್ತಿ ಕಡತವನ್ನು ಆರಿಸಿ ಕನ್ನಡ ಫಾಂಟಿಗೆ ಬದಲಿಸಿದ ಕೂಡಲೇ ಅದು ಮತ್ತೆ ಬರೀ m ಆಗಿ, µg ಎಂಬುದು mg ಆಗಿಬಿಡುತ್ತದೆ. ಯಾರೂ ಏನೂ ಬದಲಿಸಿಲ್ಲ, ಅಂಕಿ ಮಾತ್ರ ಸಾವಿರ ಪಟ್ಟು ಹೆಚ್ಚಿದೆ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್‌ಗಳಲ್ಲಿ ಇನ್ನೂ ಕೆಟ್ಟದ್ದು: ಇಂಗ್ಲಿಷ್ ಅಕ್ಷರ, <, ≤ ಚಿಹ್ನೆಗಳೆಲ್ಲ ಯಾವುದೋ ಕನ್ನಡ ಒತ್ತಕ್ಷರವಾಗುತ್ತವೆ. ಯೂನಿಕೋಡ್‌ನಲ್ಲೇ ಕೆಲಸ ಮಾಡಿ, ಚಿಹ್ನೆಗಳ ಬದಲು ‘ಗಿಂತ ಕಡಿಮೆ’, ‘ಮೈಕ್ರೋಗ್ರಾಂ’ ಎಂದು ಪದಗಳಲ್ಲೇ ಬರೆಯಿರಿ. ಅಂಕಿಗಳನ್ನು 1, 2, 3 ಎಂದೇ ಇಡಿ. ಕನ್ನಡ ಅಂಕಿಗಳ ಮೇಲೆ ನನಗೆ ಪ್ರೀತಿ ಇಲ್ಲದೆ ಅಲ್ಲ. ಜೆರಾಕ್ಸ್ ಮೇಲೆ ಜೆರಾಕ್ಸ್ ಆದಾಗ ೬ ಮತ್ತು ೯ ಒಂದರಂತೆ ಒಂದು ಕಾಣುತ್ತವೆ, ಜೊತೆಗೆ ಪ್ರಯೋಗಾಲಯದ ಹಾಳೆಯೊಂದಿಗೆ ತಾಳೆ ನೋಡುವವರಿಗೆ ಒಂದೇ ಬಗೆಯ ಅಂಕಿ ಇದ್ದರೆ ಸಲೀಸು.

ಮಾದರಿ ತೆಗೆದ ದಿನಾಂಕ ಮತ್ತು ಆ ಹೊತ್ತಿನಲ್ಲಿ ಬಾಯ್ಲರ್ ಎಷ್ಟು ಹೊರೆಯಲ್ಲಿ ಓಡುತ್ತಿತ್ತು ಎಂಬ ಮಾಹಿತಿ ಸಾಮಾನ್ಯವಾಗಿ ಸಣ್ಣ ಅಕ್ಷರದಲ್ಲಿರುತ್ತದೆ. ಜಾಗ ಸಾಲದೆ ಮೊದಲು ಕತ್ತರಿ ಬೀಳುವುದೂ ಅದಕ್ಕೇ. ಸಕ್ಕರೆ ಕಾರ್ಖಾನೆಗೆ ಹಂಗಾಮು ಎಂಬುದಿದೆ. ನುರಿಸುವಿಕೆ ಕೊನೆಯಾಗುವ ಹೊತ್ತಿಗೆ, ಅರೆ ಹೊರೆಯಲ್ಲಿ ಓಡುತ್ತಿದ್ದ ಬಾಯ್ಲರಿನ ಅಂಕಿ ಭರ್ತಿ ಹಂಗಾಮಿನ ಅಂಕಿಯಲ್ಲ. ಕನ್ನಡ ಕೋಷ್ಟಕದಲ್ಲಿ ದಿನಾಂಕಕ್ಕೂ ಹೊರೆಗೂ ಒಂದೊಂದು ಕಂಬಸಾಲು ಇರಲಿ. ನೀರಿನ ಮಾದರಿಗೂ ಅಷ್ಟೇ: ಒಂದೇ ಸಲ ಮೊಗೆದದ್ದೋ, ದಿನವಿಡೀ ಹೊತ್ತುಹೊತ್ತಿಗೆ ತೆಗೆದು ಬೆರೆಸಿದ್ದೋ ಎಂದು ಹೇಳಬೇಕು.

ಅಂಕಿಗಳಾದ ಮೇಲೆ ಷರತ್ತು ಮತ್ತು ಉತ್ತರದ ಭಾಗ. ಇಲ್ಲಿ ಕೆಡುವುದು ಕ್ರಿಯಾಪದ. ಎಡಗಡೆ ಮಂಡಳಿಯ ಷರತ್ತು, ಬಲಗಡೆ ಕಾರ್ಖಾನೆಯ ಉತ್ತರ. ಷರತ್ತಿಗೆ ನಮ್ಮ ಕಚೇರಿ ಕನ್ನಡದಲ್ಲಿ ಗಟ್ಟಿಯಾದ ರೂಪವೇ ಇದೆ: ‘ಅಳವಡಿಸತಕ್ಕದ್ದು’, ‘ಮೀರತಕ್ಕದ್ದಲ್ಲ’. ಅದನ್ನು ಎಡಗಡೆಗೆ ಮಾತ್ರ ಮೀಸಲಿಡಿ. ಬಲಗಡೆ ಕಾಲ ಸ್ಪಷ್ಟವಾಗಿರಬೇಕು. ತೊಂದರೆ ಎಂದರೆ ‘-ಲಾಗುವುದು’ ಎಂಬ ನಮ್ಮ ರೂಪ ಮುಂದೆ ಮಾಡುವುದಕ್ಕೂ, ರೂಢಿಯಾಗಿ ಮಾಡುತ್ತಿರುವುದಕ್ಕೂ ಎರಡಕ್ಕೂ ಸಲ್ಲುತ್ತದೆ. ‘ಬೂದಿಯನ್ನು ಮುಚ್ಚಿದ ಲಾರಿಯಲ್ಲಿ ಸಾಗಿಸಲಾಗುವುದು’ ಎಂದರೆ ಈಗ ಸಾಗಿಸುತ್ತಿದ್ದಾರೆಯೇ, ಇನ್ನು ಮುಂದೆ ಸಾಗಿಸುತ್ತಾರೆಯೇ? ದಾರಿ ಬದಿಯ ಮನೆಯವರಿಗೆ ಬೇಕಾಗಿರುವುದು ಇದೊಂದೇ. ಆದ್ದರಿಂದ ಕರ್ತೃವನ್ನು ತಂದು ಕೂರಿಸಿ: ‘ಕಾರ್ಖಾನೆಯು ಈಗ ಮುಚ್ಚಿದ ಲಾರಿಯಲ್ಲಿ ಸಾಗಿಸುತ್ತಿದೆ’, ಅಥವಾ ‘ಮುಂದಿನ ಹಂಗಾಮಿನಿಂದ ಸಾಗಿಸುವುದಾಗಿ ಕಾರ್ಖಾನೆ ಹೇಳಿದೆ’. ಇಂಗ್ಲಿಷ್ ಮೂಲವೇ ಅಸ್ಪಷ್ಟವಾಗಿದ್ದರೆ ಊಹಿಸಬೇಡಿ, ಕೇಳಿ.

ಇದೇ ಭಾಗದಲ್ಲಿ ‘Noted’, ‘Agreed’ ಎಂಬ ಒಂದು ಪದದ ಉತ್ತರಗಳು ಬಹಳ. ‘ಗಮನಿಸಲಾಗಿದೆ’, ‘ಒಪ್ಪಲಾಗಿದೆ’ ಎಂದೇ ಬರೆಯಿರಿ. ಓಟದಲ್ಲಿ ಎಲ್ಲಕ್ಕೂ ‘ಪಾಲಿಸಲಾಗಿದೆ’ ಎಂದು ಅಂಟಿಸಿಕೊಂಡು ಹೋಗುವ ಆಸೆ ಬರುತ್ತದೆ, ಗಮನಿಸಿದ್ದು ಪಾಲಿಸಿದ್ದಾಗುವುದಿಲ್ಲ. ಭಾಗಶಃ ಪಾಲನೆಯಾಗಿದ್ದರೆ ಯಾವ ಭಾಗ ಆಗಿದೆ, ಯಾವುದು ಉಳಿದಿದೆ ಎಂಬುದು ಅದೇ ಮನೆಯಲ್ಲಿ ಇರಲಿ.

ವಿಸ್ತರಣೆಯಲ್ಲಿ ಕಾಕಂಬಿಯಿಂದ ಮದ್ಯಸಾರ ತೆಗೆಯುವ ಘಟಕವೂ ಸೇರಿದ್ದರೆ ‘ಶೂನ್ಯ ದ್ರವ ವಿಸರ್ಜನೆ’ ಎಂಬ ಪದಗುಚ್ಛ ಎದುರಾಗುತ್ತದೆ. ಅದನ್ನು ಕೇಳಿದ ಊರಿನವರು ‘ಮಾಲಿನ್ಯವೇ ಇಲ್ಲ’ ಎಂದು ತಿಳಿಯುತ್ತಾರೆ. ಅರ್ಥ ಇಷ್ಟೇ: ದ್ರವ ತ್ಯಾಜ್ಯ ಆವರಣದಿಂದ ಹೊರಗೆ ಹೋಗುವುದಿಲ್ಲ. ಅದನ್ನು ಗಟ್ಟಿ ಮಾಡಿ ಬಾಯ್ಲರಿನಲ್ಲಿ ಸುಟ್ಟರೆ ಬೂದಿಯಾಗಿ, ಹೊಗೆಯಾಗಿ ಬೇರೆ ಕೋಷ್ಟಕದಲ್ಲಿ ಕಾಣಿಸಿಕೊಳ್ಳುತ್ತದೆ. ‘ದ್ರವ ತ್ಯಾಜ್ಯವನ್ನು ಆವರಣದ ಹೊರಗೆ ಬಿಡದಿರುವ ವ್ಯವಸ್ಥೆ’ ಎಂದು ಬಿಡಿಸಿ ಬರೆಯಿರಿ.

ಮೂಲದಲ್ಲೇ ತಪ್ಪು ಕಂಡರೆ ಏನು ಮಾಡುವುದು ಎಂಬುದು ನಿಮಗೆ ಎದುರಾಗಿಯೇ ಆಗುತ್ತದೆ. ಸಿಒಡಿ, ಅಂದರೆ ರಾಸಾಯನಿಕ ಆಮ್ಲಜನಕ ಬೇಡಿಕೆ, ಬಿಒಡಿಗಿಂತ ಕಡಿಮೆ ತೋರಿಸಿದ್ದರೆ ಬೆರಳಚ್ಚಿನ ದೋಷ ಎಂದು ಹೆಚ್ಚುಕಡಿಮೆ ಖಚಿತ; ಸೂಕ್ಷ್ಮಜೀವಿ ತಿನ್ನಬಲ್ಲದ್ದೆಲ್ಲ ರಾಸಾಯನಿಕಕ್ಕೂ ಸಿಗುತ್ತದೆ, ಅದಕ್ಕಿಂತ ಹೆಚ್ಚೂ ಸಿಗುತ್ತದೆ. ಆರು ತಿಂಗಳು ಒಂದೇ ಅಂಕಿ, ದಶಮಾಂಶವೂ ಬದಲಾಗದೆ ಬಂದಿದ್ದರೆ ನಕಲು ಅಂಟಿಸಿರಬಹುದು. ನಡುವೆ ಬೇರೆ ಕಾರ್ಖಾನೆಯ ಹೆಸರು ಇಣುಕಿದರೆ ಅದಂತೂ ನಕಲೇ. ನೀವೇ ಸರಿಪಡಿಸಬೇಡಿ, ಮುಚ್ಚಲೂ ಬೇಡಿ. ಪುಟ, ಸಾಲು, ಮೂಲದಲ್ಲಿ ಏನಿದೆ, ನಿಮ್ಮ ಪ್ರಶ್ನೆ ಏನು ಎಂದು ಪಟ್ಟಿ ಮಾಡಿ ಲಿಖಿತವಾಗಿ ಕಳಿಸಿ, ಉತ್ತರವನ್ನೂ ಲಿಖಿತವಾಗಿ ಪಡೆಯಿರಿ. ಉತ್ತರ ಬಾರದೇ ಹೋದರೆ ಮೂಲದ ಅಂಕಿಯನ್ನೇ ಇಟ್ಟು ‘ಮೂಲದಲ್ಲಿ ಇರುವಂತೆ’ ಎಂದು ಪಕ್ಕದಲ್ಲಿ ಗುರುತು ಹಾಕಿ. ಮೊದಲ ಪುಟದಲ್ಲಿ ಅನುವಾದವನ್ನು ಯಾವ ದಿನಾಂಕದ ಇಂಗ್ಲಿಷ್ ಆವೃತ್ತಿಯಿಂದ ಮಾಡಿದ್ದು ಎಂದೂ ಇರಲಿ. ಸಭೆಗೆ ಮುನ್ನ ಇಂಗ್ಲಿಷ್ ವರದಿಯನ್ನು ತಿದ್ದಿ ಕನ್ನಡವನ್ನು ಹಾಗೇ ಬಿಡುವುದು ಅಪರೂಪವೇನಲ್ಲ.

ಸಭೆಯಲ್ಲಿ ಓದುವುದಕ್ಕೆ ಬೇರೆಯೇ ಪ್ರತಿ ಬೇಕು. ಕೋಷ್ಟಕವನ್ನು ಮೈಕಿನಲ್ಲಿ ಓದಿದರೆ ಯಾರೂ ಹಿಂಬಾಲಿಸಲಾರರು. ಏಳೆಂಟು ಮುಖ್ಯ ಸಾಲುಗಳನ್ನು ಆರಿಸಿ ವಾಕ್ಯ ಮಾಡಿ. ನಮ್ಮ ಉದಾಹರಣೆಯ ಸಾಲು ಹೀಗಾಗುತ್ತದೆ: ‘ಶುದ್ಧೀಕರಿಸಿ ಹೊಲಕ್ಕೆ ಬಿಡುವ ನೀರಿನಲ್ಲಿ ಬಿಒಡಿ ಲೀಟರಿಗೆ 100 ಮಿಲಿಗ್ರಾಂ ಮೀರಬಾರದು. ಇಂಥ ದಿನ, ಇಂಥ ಜಾಗದಲ್ಲಿ, ಇಂಥ ಪ್ರಯೋಗಾಲಯ ತೆಗೆದ ಮಾದರಿಯಲ್ಲಿ 42 ಬಂದಿದೆ.’ ತೀರ್ಪಿನ ಮಾತು ಕೊನೆಗೆ ಬರಲಿ, ಅಥವಾ ಬಾರದೇ ಇರಲಿ. ಎರಡು ಅಂಕಿ ಕೇಳಿದವರು ತಾವೇ ಹೋಲಿಸಿಕೊಳ್ಳುತ್ತಾರೆ. ಚಿಮಣಿ, ಕಾಕಂಬಿ, ಬಗಾಸು, ಮಡ್ಡಿ, ಬೂದಿ, ಕೊಳಚೆ ನೀರು ಎಂದು ಇಲ್ಲಿನವರು ಹೇಳುವ ಹಾಗೇ ಹೇಳಿ. ನಿಮ್ಮ ಪದಪಟ್ಟಿಯ ಒಂದು ಪ್ರತಿಯನ್ನು ನಡಾವಳಿ ಬರೆದುಕೊಳ್ಳುವ ಅಧಿಕಾರಿಗೂ ಕೊಟ್ಟಿರಿ. ಸಭೆ ಮುಗಿಯುವಾಗ ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಓದಿ ವಿವರಿಸಿದ ಮೇಲೇ ಅಧ್ಯಕ್ಷತೆ ವಹಿಸಿದ ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಸಹಿ ಹಾಕಬೇಕು. ರೈತರು ‘ಸವಳು’ ಎಂದದ್ದು ನಡಾವಳಿಯಲ್ಲಿ ಯಾವ ಅಂಶಕ್ಕೆ ಸಂಬಂಧಿಸಿದ್ದು ಎಂದು ಆಗ ಗೊತ್ತಿರಬೇಕಾಗುತ್ತದೆ.

ಕೊನೆಯ ತಪಾಸಣೆಗೆ ಇಬ್ಬರು ಬೇಕು. ಒಬ್ಬರು ಇಂಗ್ಲಿಷ್ ಪ್ರತಿಯಿಂದ ಅಂಕಿ, ಏಕಮಾನ, ದಿನಾಂಕಗಳನ್ನು ಮಾತ್ರ ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಕನ್ನಡ ಪ್ರತಿಯಲ್ಲಿ ಒಂದೊಂದಕ್ಕೂ ಗುರುತು ಹಾಕಲಿ. ಈ ಸುತ್ತಿನಲ್ಲಿ ಭಾಷೆ ತಿದ್ದಲು ಹೋಗಬೇಡಿ, ಕಣ್ಣು ಅಂಕಿಯಿಂದ ಜಾರುತ್ತದೆ. ಪರದೆಯ ಮೇಲೆ ನೋಡಿದ್ದು ಸಾಲದು. ಜಿಲ್ಲಾಧಿಕಾರಿ ಕಚೇರಿಗೆ ಹೋಗುವ ಮುದ್ರಿತ ಪ್ರತಿಯಲ್ಲೇ ಮಾಡಿ, ಏಕೆಂದರೆ µ ಮತ್ತು ದಶಮಾಂಶ ಚುಕ್ಕೆ ಕಾಣೆಯಾಗುವುದು ಹೆಚ್ಚಾಗಿ ಮುದ್ರಣದಲ್ಲೇ.